ಹೋಲ್ಡ್ ಬಿದ್ದ ಮೇಲ್‌ನಲ್ಲಿ ಏನಿದೆ, ಏನಿಲ್ಲ

ರಾತ್ರಿ ಹನ್ನೆರಡರ ಆಸುಪಾಸಿಗೆ ವಿಶ್ವವಿದ್ಯಾಲಯದಿಂದ ಒಂದು ಮೇಲ್ ಬರುತ್ತದೆ. ಯಾರ ಸಹಿಯೂ ಇರುವುದಿಲ್ಲ, ಮರು ಉತ್ತರ ಬರೆಯಬೇಡಿ ಎಂಬ ಸೂಚನೆ ಮಾತ್ರ ಇರುತ್ತದೆ. ಬೆಳಿಗ್ಗೆ ಮಕ್ಕಳು ಅದನ್ನು ವಾಟ್ಸಾಪ್‌ನಲ್ಲಿ ಊರಿಗೆ ಕಳಿಸುತ್ತಾರೆ. ಊರಿನಿಂದ ಫೋನ್ ಬರುತ್ತದೆ: "ಏನವ್ವಾ, ಸೀಟು ಹೋತೇನು?"

ಸೀಟು ಹೋಗಿರುವುದಿಲ್ಲ. ಆದರೆ ಈ ಗಾಬರಿಯಲ್ಲಿ ಮನೆಯವರು ಮಾಡುವ ಮೊದಲ ಕೆಲಸವೆಂದರೆ ಮೇಲ್‌ನಲ್ಲಿ ಕಂಡ ಮೊತ್ತವನ್ನು ಎಲ್ಲಿಂದಲಾದರೂ ಸಾಲ ತಂದು ಕಟ್ಟಿಬಿಡುವುದು. ಬಹಳ ಸಲ ಅಷ್ಟು ಕಟ್ಟಬೇಕಾಗಿಯೇ ಇರುವುದಿಲ್ಲ. ಕಟ್ಟಿದ ಮೇಲೂ ಹೋಲ್ಡ್ ಹೋಗುವುದಿಲ್ಲ. ಹೀಗಾಗಲು ಕಾರಣವೇನು ಎಂದು ತಿಳಿಯಬೇಕಾದರೆ ಆ ಮೇಲ್ ಹುಟ್ಟುವ ಬಗೆಯನ್ನು ಸ್ವಲ್ಪ ನೋಡಬೇಕು.

ವಿಜಯವಾಡದ ಸುತ್ತಲಿನ ಕಾಲೇಜುಗಳಲ್ಲಿ ಬಳ್ಳಾರಿ, ರಾಯಚೂರು ಕಡೆಯಿಂದ ಹೋಗಿ ಓದುವ ಮಕ್ಕಳಿದ್ದಾರೆ. ರಾಯದುರ್ಗ, ಮಡಕಶಿರಾದಂಥ ಆಂಧ್ರದೊಳಗಿನ ಕನ್ನಡ ಊರುಗಳ ಮಕ್ಕಳೂ ಇದ್ದಾರೆ. ಉದಾಹರಣೆಗೆ ಒಬ್ಬ ಹುಡುಗಿಯನ್ನು ಇಟ್ಟುಕೊಳ್ಳೋಣ. ಬಳ್ಳಾರಿಯಲ್ಲಿ ಪಿಯುಸಿ ಮುಗಿಸಿದಾಕೆ. ವಿಜಯವಾಡದ ಪಕ್ಕದ ಕೊಂಡಪಲ್ಲಿಯಲ್ಲಿ, ಆ ಮರದ ಗೊಂಬೆಗಳ ಊರಿನಲ್ಲಿ, ರೂಮು ಮಾಡಿಕೊಂಡು ಹತ್ತಿರದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಬಿ.ಟೆಕ್ ಎರಡನೇ ವರ್ಷಕ್ಕೆ ಕಾಲಿಡುತ್ತಿದ್ದಾಳೆ. ಓದಿಗೆ ಬ್ಯಾಂಕ್ ಸಾಲವಿದೆ. ಹುಡುಗಿ, ವಿಶ್ವವಿದ್ಯಾಲಯ, ಮೊತ್ತಗಳು ನಾನು ಕಟ್ಟಿಕೊಂಡವು; ಲೆಕ್ಕ ನಡೆಯುವ ರೀತಿ ಮಾತ್ರ ಎಲ್ಲ ಕಡೆಯೂ ಹೆಚ್ಚು ಕಡಿಮೆ ಇದೇ. ಆಕೆಗೆ ಬಂದ ಮೇಲ್ ಹೀಗಿದೆ ಎನ್ನಿ:

```
Registration Hold on your account
Hold 1  FEE  Amount due: Rs. 1,04,500
             (as on 18-07, 23:30)
Hold 2  DOC  Migration Certificate: Pending
Clear all holds by: 25-07
Ignore if already paid.
System generated mail. Do not reply.
```

ಇದನ್ನು ಯಾವ ಗುಮಾಸ್ತರೂ ಕೂತು ಬರೆದದ್ದಲ್ಲ. ಯಾರೂ ಆಕೆಯ ಕಡತ ತೆರೆದು ನೋಡಿಲ್ಲ. ವಿಶ್ವವಿದ್ಯಾಲಯದ ತಂತ್ರಾಂಶದಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಹಲವು ಖಾನೆಗಳಿರುತ್ತವೆ. ಫೀ ವಿಭಾಗದ ಖಾನೆಯಲ್ಲಿ ಬಾಕಿ ಸೊನ್ನೆಗಿಂತ ಹೆಚ್ಚಿದ್ದರೆ ಒಂದು ಗುರುತು ಬೀಳುತ್ತದೆ. ಅಡ್ಮಿಷನ್ ವಿಭಾಗದ ಪಟ್ಟಿಯಲ್ಲಿ ಯಾವುದಾದರೂ ದಾಖಲೆಯ ಮುಂದೆ 'ಪರಿಶೀಲಿಸಲಾಗಿದೆ' ಎಂದು ಇಲ್ಲದಿದ್ದರೆ ಇನ್ನೊಂದು ಗುರುತು. ರಾತ್ರಿ ನಿಗದಿತ ಹೊತ್ತಿಗೆ ಓಡುವ ಒಂದು ಪ್ರೋಗ್ರಾಂ ಗುರುತು ಬಿದ್ದವರನ್ನೆಲ್ಲ ಆರಿಸಿ ಒಂದೇ ಒಕ್ಕಣೆಯ ಮೇಲ್ ಕಳಿಸುತ್ತದೆ. ಹೊಸ ಸೆಮಿಸ್ಟರ್‌ನ ವಿಷಯಗಳಿಗೆ ಹೆಸರು ನೋಂದಾಯಿಸುವ ಪುಟ ಆ ಗುರುತು ಇರುವತನಕ ತೆರೆದುಕೊಳ್ಳುವುದಿಲ್ಲ. ಹೋಲ್ಡ್ ಅಂದರೆ ಇಷ್ಟೇ. ಪ್ರವೇಶ ರದ್ದು ಮಾಡುವುದಾದರೆ ಅದಕ್ಕೆ ಬೇರೆಯೇ ಪತ್ರ, ಬೇರೆಯೇ ಸಹಿ ಇರುತ್ತದೆ.

ಎರಡು ಹೋಲ್ಡ್‌ಗಳೂ ಒಂದೇ ಮೇಲ್‌ನಲ್ಲಿ ಬಂದಿದ್ದರೂ ಅವು ಎರಡು ಬೇರೆ ಕಚೇರಿಗಳವು. ಫೀ ವಿಭಾಗದವರು ದಾಖಲೆಯ ಗುರುತನ್ನು ಮುಟ್ಟಲಾರರು, ಅಡ್ಮಿಷನ್ ವಿಭಾಗದವರಿಗೆ ಫೀ ಲೆಡ್ಜರ್ ಕಾಣುವುದೂ ಇಲ್ಲ. ಎರಡರಲ್ಲಿ ಒಂದು ಉಳಿದರೂ ನೋಂದಣಿ ಪುಟ ಮುಚ್ಚಿಯೇ ಇರುತ್ತದೆ. "ಪೂರ್ತಿ ದುಡ್ಡು ಕಟ್ಟೀವಿ, ಆದರೂ ಬಿಡವಲ್ಲರು" ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಈ ಎರಡನೆಯ ಗುರುತು ಕೂತಿರುತ್ತದೆ.

ಮೊದಲು ದುಡ್ಡಿನ ಸಾಲನ್ನು ಬಿಡಿಸೋಣ. ಹುಡುಗಿಯ ಈ ಸೆಮಿಸ್ಟರ್‌ನ ಬೋಧನಾ ಶುಲ್ಕ 1,10,000 ರೂಪಾಯಿ, ಪರೀಕ್ಷೆ ಮತ್ತಿತರ ಶುಲ್ಕ 4,500, ಒಟ್ಟು 1,14,500. ಅಪ್ಪ ಪೋರ್ಟಲ್‌ನಲ್ಲೇ ಯುಪಿಐ ಮೂಲಕ 10,000 ಕಟ್ಟಿದ್ದಾರೆ. ಬ್ಯಾಂಕಿನವರು ಜುಲೈ 15ರಂದು ಸಾಲದ ಕಂತಾಗಿ 1,00,000 ರೂಪಾಯಿಯನ್ನು ನೆಫ್ಟ್ ಮೂಲಕ ನೇರ ವಿಶ್ವವಿದ್ಯಾಲಯದ ಖಾತೆಗೆ ಕಳಿಸಿದ್ದಾರೆ. ಹಾಗಾದರೆ ಬಾಕಿ 4,500 ಮಾತ್ರ. ಮೇಲ್ ಯಾಕೆ 1,04,500 ಎನ್ನುತ್ತಿದೆ?

ಎರಡು ಪಾವತಿಗಳು ಹೋದ ದಾರಿ ಬೇರೆ. ಪೋರ್ಟಲ್‌ಗೆ ಲಾಗಿನ್ ಆಗಿ ಕಟ್ಟಿದ ಹಣದ ಜೊತೆ ವಿದ್ಯಾರ್ಥಿಯ ರೋಲ್ ನಂಬರೂ ಹೋಗುತ್ತದೆ. ಪೇಮೆಂಟ್ ಗೇಟ್‌ವೇ 'ಯಶಸ್ವಿ' ಎಂದೊಡನೆ ಲೆಡ್ಜರ್‌ನಲ್ಲಿ ತಾನಾಗಿಯೇ ಜಮಾ ಆಗುತ್ತದೆ. ಬ್ಯಾಂಕಿನ ಶಾಖೆಯಿಂದ ಹೋದ ನೆಫ್ಟ್ ಹಾಗಲ್ಲ. ಅದು ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆಗೆ ಹೋಗಿ ಬೀಳುತ್ತದೆ, ಆದರೆ ಸ್ಟೇಟ್‌ಮೆಂಟ್‌ನಲ್ಲಿ ಕಾಣುವುದು ಕಳಿಸಿದ ಶಾಖೆಯ ಹೆಸರು, ಮೊತ್ತ ಮತ್ತು ಒಂದು ಉದ್ದನೆಯ ಯುಟಿಆರ್ ಸಂಖ್ಯೆ. ಯಾವ ಮಗುವಿನ ಫೀಸು ಎಂಬುದು ಅದರಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದೇ ಮೊತ್ತದ ಹತ್ತಾರು ಕಂತುಗಳು ಒಂದೇ ವಾರ ಬಂದಾಗ ಫೀ ವಿಭಾಗದವರು ಅವನ್ನೆಲ್ಲ ಸಸ್ಪೆನ್ಸ್ ಖಾತೆಯಲ್ಲಿ ಇಟ್ಟು, ಯಾರದ್ದು ಯಾವುದು ಎಂದು ಗೊತ್ತಾದ ಮೇಲೆ ಒಂದೊಂದಾಗಿ ಅವರವರ ಹೆಸರಿಗೆ ಹಾಕುತ್ತಾರೆ. ಈ ಹುಡುಗಿಯ ಒಂದು ಲಕ್ಷ ಸದ್ಯ ಅಲ್ಲಿ ಕೂತಿದೆ.

ಇಂಥ ಹೊತ್ತಿನಲ್ಲಿ ಫೀ ವಿಭಾಗದವರು "ನಿಮ್ಮ ಬ್ಯಾಂಕು ಇನ್ನೂ ಕಳಿಸಿಲ್ಲ" ಎನ್ನುತ್ತಾರೆ, ಬ್ಯಾಂಕಿನವರು "ನಾವು ಕಳಿಸಿ ಮೂರು ದಿನವಾಯಿತು" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. 2019ರ ಡಿಸೆಂಬರ್‌ನಿಂದ ನೆಫ್ಟ್ ರಜಾದಿನ, ರಾತ್ರಿ ಎನ್ನದೆ ದಿನದ 24 ಗಂಟೆಯೂ ನಡೆಯುತ್ತದೆ. ಹಣ ತಿರಸ್ಕೃತವಾಗಿ ಮರಳಿ ಬಂದಿಲ್ಲವೆಂದರೆ ಅದು ಆ ಖಾತೆ ಮುಟ್ಟಿದೆ ಎಂದೇ ಅರ್ಥ. ಬೇಕಾದದ್ದು ಯುಟಿಆರ್. ಬ್ಯಾಂಕಿನಲ್ಲಿ 'ಕಳಿಸಿದ್ದೀವಿ' ಎಂಬ ಬಾಯಿಮಾತಿಗೆ ಒಪ್ಪಿ ಬರದೆ ಆ ಸಂಖ್ಯೆಯನ್ನು ಬರೆಸಿಕೊಂಡು ಬರಬೇಕು. ನೆಫ್ಟ್ ಆದರೆ ಅಕ್ಷರ ಅಂಕಿ ಸೇರಿ 16, ಆರ್‌ಟಿಜಿಎಸ್ ಆದರೆ 22. ಒಂದು ಅಂಕಿ ಬಿಟ್ಟುಹೋಗಿದೆಯೋ ಎಂದು ಎಣಿಸಿ ನೋಡಲು ಈ ಲೆಕ್ಕ ಸಾಕು. ಕೆಲವು ಕಡೆ ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ವರ್ಚುವಲ್ ಖಾತೆ ಸಂಖ್ಯೆ ಕೊಡುತ್ತಾರೆ. ಮುಂದಿನ ಕಂತನ್ನು ಆ ಸಂಖ್ಯೆಗೇ ಕಳಿಸುವಂತೆ ಬ್ಯಾಂಕಿಗೆ ಬರೆದುಕೊಟ್ಟರೆ ಈ ಹುಡುಕಾಟವೇ ಇರುವುದಿಲ್ಲ.

ಈಗ 'ಈಗಾಗಲೇ ಕಟ್ಟಿದ್ದರೆ ಇದನ್ನು ಗಮನಿಸಬೇಕಿಲ್ಲ' ಎಂಬ ಆ ಸಾಲು. ನನ್ನ ಮಟ್ಟಿಗೆ ಈ ಇಡೀ ಮೇಲ್‌ನಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಅದೇ. ಹಿಂದಿನ ರಾತ್ರಿ ಪೋರ್ಟಲ್‌ನಲ್ಲಿ ಕಟ್ಟಿ, ಪ್ರೋಗ್ರಾಂ ಓಡುವ ಹೊತ್ತಿಗೆ ಲೆಡ್ಜರ್‌ಗೆ ಏರಿಲ್ಲದಿದ್ದರೆ ಆ ಸಾಲು ಸರಿ. ಮಾರನೇ ದಿನ ತಾನಾಗಿ ಸರಿಹೋಗುತ್ತದೆ. ಸಸ್ಪೆನ್ಸ್‌ನಲ್ಲಿ ಕೂತ ಹಣ ಮಾತ್ರ ತಾನಾಗಿ ಎದ್ದು ಬರುವುದಿಲ್ಲ. 'ಕಟ್ಟಿದ್ದೀವಲ್ಲ' ಎಂದು ಸುಮ್ಮನಿದ್ದವರಿಗೆ 25ನೇ ತಾರೀಖು ಕಳೆದ ಮೇಲೆ ದಂಡದ ಮೇಲ್ ಬರುತ್ತದೆ. ತಿಳಿಯುವ ದಾರಿ ಸರಳ: ಪೋರ್ಟಲ್ ತೆರೆದು ಬಾಕಿ ಮೊತ್ತವನ್ನಷ್ಟೇ ನೋಡದೆ ಲೆಡ್ಜರ್ ಪುಟವನ್ನೇ ನೋಡಬೇಕು. ಜಮಾ ಸಾಲುಗಳಲ್ಲಿ 10,000 ಇದೆ, ಒಂದು ಲಕ್ಷ ಇಲ್ಲ ಎಂದರೆ ಗಂಟು ಎಲ್ಲಿದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಲೆಡ್ಜರ್ ನೋಡಲು ಮೇಲ್‌ನೊಳಗಿನ ಲಿಂಕ್ ಒತ್ತಬೇಡಿ. ವಿಳಾಸವನ್ನು ಕೈಯಾರೆ ಟೈಪ್ ಮಾಡಿ ಹೋಗಿ. ಫೀ ಕಟ್ಟುವ ಕಾಲದಲ್ಲಿ ಇದೇ ಒಕ್ಕಣೆಯ ನಕಲಿ ಮೇಲ್‌ಗಳೂ ಓಡಾಡುತ್ತವೆ. `ac.in`, `edu.in` ಎಂದು ಕೊನೆಯಾಗುವ ವಿಳಾಸಗಳನ್ನು ಕೊಡುವುದು ಅರ್ನೆಟ್ ಇಂಡಿಯಾ, ಅದೂ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಹಾಗಾಗಿ ವೆಬ್‌ಸೈಟ್ ವಿಳಾಸದ ಬಾಲ ಒಂದು ಒಳ್ಳೆಯ ಗುರುತು. ಮೇಲ್ ಕಳಿಸಿದವರ ಹೆಸರನ್ನಾದರೆ ಯಾರು ಬೇಕಾದರೂ ಹೇಗೆ ಬೇಕಾದರೂ ಬರೆದುಕೊಳ್ಳಬಹುದು.

ಇಷ್ಟಾದ ಮೇಲೆ ಹುಡುಗಿ ಮಾಡಬೇಕಾದದ್ದು ಎರಡು ಕೆಲಸ. ನಿಜವಾಗಿಯೂ ಬಾಕಿ ಇರುವ 4,500 ರೂಪಾಯಿಯನ್ನು ಪೋರ್ಟಲ್‌ನಲ್ಲೇ ಕಟ್ಟುವುದು. ಪೋರ್ಟಲ್ ಬಿಡಿ ಮೊತ್ತ ತೆಗೆದುಕೊಳ್ಳದೆ 'ಪೂರ್ತಿ ಬಾಕಿ ಕಟ್ಟಿ' ಎಂದು ಹಟ ಹಿಡಿದರೆ, ಮೊದಲು ಒಂದು ಲಕ್ಷ ಜಮಾ ಆಗುವವರೆಗೆ ಕಾಯುವುದು. ಇನ್ನೊಂದು, ಫೀ ವಿಭಾಗದ ವಿಳಾಸಕ್ಕೆ ಒಂದು ಚಿಕ್ಕ ಮೇಲ್: ರೋಲ್ ನಂಬರ್, ಯುಟಿಆರ್, ಮೊತ್ತ, ತಾರೀಖು, ಕಳಿಸಿದ ಶಾಖೆ, ಜೊತೆಗೆ ಬ್ಯಾಂಕ್ ಕೊಟ್ಟ ಚೀಟಿಯ ಪ್ರತಿ. ಬಡತನ, ಅಪ್ಪನ ಆರೋಗ್ಯ, ಮಳೆ ಬೆಳೆ ಯಾವುದೂ ಅದರಲ್ಲಿ ಬೇಡ. ಅದನ್ನು ಓದುವವರು ಸ್ಟೇಟ್‌ಮೆಂಟ್‌ನಲ್ಲಿ ಒಂದು ಸಂಖ್ಯೆ ಹುಡುಕುತ್ತಿರುತ್ತಾರೆ. ಅದು ಮೊದಲ ಸಾಲಿನಲ್ಲೇ ಸಿಕ್ಕರೆ ಕೆಲಸ ಅಂದೇ ಮುಗಿಯುತ್ತದೆ. ಇದಕ್ಕಾಗಿ ಅಪ್ಪ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಕೂತು ಬರಬೇಕಾಗಿಲ್ಲ.

ದಾಖಲೆಯ ಸಾಲು ಇದಕ್ಕಿಂತ ಮೋಸದ್ದು. ಕಾರಣ, 'ಪೆಂಡಿಂಗ್' ಎಂಬ ಒಂದೇ ಪದದಡಿ ತಂತ್ರಾಂಶ ನಾಲ್ಕು ಸಂಗತಿಗಳನ್ನು ಬಚ್ಚಿಟ್ಟಿರುತ್ತದೆ. ದಾಖಲೆ ಬಂದೇ ಇಲ್ಲದಿರಬಹುದು. ಬಂದಿದ್ದರೂ ಯಾರೂ ತೆರೆದು ನೋಡಿಲ್ಲದಿರಬಹುದು. ನೋಡಿ ತಿರಸ್ಕರಿಸಿರಬಹುದು. ಅಥವಾ ಪ್ರತಿ ಸರಿಯಿದೆ, ಮೂಲವನ್ನು ಕೌಂಟರ್‌ನಲ್ಲಿ ತೋರಿಸಬೇಕು ಎಂದಿರಬಹುದು. ನಾಲ್ಕಕ್ಕೂ ಮದ್ದು ಬೇರೆ. ಯಾವುದೆಂದು ಕೇಳದೆ ಅದೇ ಪಿಡಿಎಫ್ ಅನ್ನು ಮತ್ತೆ ಮತ್ತೆ ಅಪ್‌ಲೋಡ್ ಮಾಡುತ್ತ ಹೋದರೆ, ಪ್ರತಿ ಸಲವೂ ಪರಿಶೀಲನೆಯ ಸರದಿಯ ಕೊನೆಗೆ ಹೋಗಿ ನಿಲ್ಲುವ ಸಾಧ್ಯತೆಯೂ ಇದೆ.

ಈ ಹುಡುಗಿಯದು ಮೂರನೆಯದು, ತಿರಸ್ಕೃತ. ಮೊದಲ ವರ್ಷ ಸೇರುವಾಗ ಆಕೆ ಅಪ್‌ಲೋಡ್ ಮಾಡಿದ್ದು ಬಳ್ಳಾರಿಯ ಕಾಲೇಜು ಕೊಟ್ಟ ವರ್ಗಾವಣೆ ಪತ್ರ, ಅಂದರೆ ಟಿ.ಸಿ. ಕೇಳಿದ್ದು ವಲಸೆ ಪ್ರಮಾಣಪತ್ರ, ಮೈಗ್ರೇಷನ್. ಕರ್ನಾಟಕದೊಳಗೇ ಓದು ಮುಂದುವರಿಸುವವರಲ್ಲಿ ಅನೇಕರಿಗೆ ಈ ಎರಡನೆಯದರ ಗೊಡವೆಯೇ ಬಾರದೆ ಇರುವುದರಿಂದ ಎರಡೂ ಒಂದೇ ಎಂಬ ಕಲ್ಪನೆ ನಮ್ಮಲ್ಲಿದೆ. ಟಿ.ಸಿ. ಕೊಡುವುದು ಕಾಲೇಜು: ಈ ವಿದ್ಯಾರ್ಥಿ ನಮ್ಮಲ್ಲಿಂದ ಹೊರಟಿದ್ದಾಳೆ ಎಂದು. ಮೈಗ್ರೇಷನ್ ಕೊಡುವುದು ಪರೀಕ್ಷೆ ನಡೆಸಿದ ಮಂಡಳಿ: ಈಕೆ ಬೇರೊಂದು ಮಂಡಳಿ ಅಥವಾ ವಿಶ್ವವಿದ್ಯಾಲಯಕ್ಕೆ ಸೇರಲು ನಮ್ಮ ಅಭ್ಯಂತರವಿಲ್ಲ ಎಂದು. ಪಿಯುಸಿ ಪರೀಕ್ಷೆಯ ಹೊಣೆ 2022ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಸೇರಿತು. ಹಾಗಾಗಿ ಅರ್ಜಿ ಅಲ್ಲಿಗೇ ಹೋಗಬೇಕು. ಬಳ್ಳಾರಿಯ ಪ್ರಾಂಶುಪಾಲರು ಎಷ್ಟು ಒಳ್ಳೆಯವರಾದರೂ ಅದನ್ನು ಬರೆದುಕೊಡಲಾರರು.

ಒಂದು ವರ್ಷ ಸುಮ್ಮನಿದ್ದ ವಿಶ್ವವಿದ್ಯಾಲಯ ಈಗ ಏಕೆ ಎಚ್ಚೆತ್ತಿತು? ಪ್ರವೇಶದ ಭರಾಟೆಯಲ್ಲಿ 'ನಂತರ ತಂದುಕೊಡಿ' ಎಂದು ಮುಚ್ಚಳಿಕೆ ಬರೆಸಿಕೊಂಡು ಸೇರಿಸಿಕೊಂಡಿರುತ್ತಾರೆ. ಮುಚ್ಚಳಿಕೆಯ ಅವಧಿ ಮುಗಿದ ದಿನ ತಂತ್ರಾಂಶ ತಾನಾಗಿಯೇ ಗುರುತು ಹಾಕುತ್ತದೆ. ಸಹಿ ಹಾಕಿದ್ದು ಅಪ್ಪನಿಗೂ ನೆನಪಿಲ್ಲ, ಮಗಳಿಗೂ ನೆನಪಿಲ್ಲ.

ತಿರಸ್ಕಾರಕ್ಕೆ ಇನ್ನೊಂದು ಕಾರಣ ಗಡಿ ದಾಟಿ ಓದುವ ನಮ್ಮ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ. ನಮ್ಮಲ್ಲಿ ಇನಿಷಿಯಲ್ ಸಾಮಾನ್ಯವಾಗಿ ಹೆಸರಿನ ಕೊನೆಗೆ, ಆಂಧ್ರದಲ್ಲಿ ಮನೆತನದ ಹೆಸರು ಮೊದಲಿಗೆ. ಅಂಕಪಟ್ಟಿಯಲ್ಲಿ ಹೆಸರು, ನಂತರ ಎರಡು ಅಕ್ಷರ. ಆಧಾರ್‌ನಲ್ಲಿ ಆ ಎರಡು ಅಕ್ಷರ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು. ಪ್ರವೇಶದ ಫಾರ್ಮ್ ತುಂಬಿದ ತೆಲುಗು ಗುಮಾಸ್ತರು ಅವನ್ನು ತಂದು ಮುಂದಕ್ಕೆ ಕೂರಿಸಿದ್ದಾರೆ. ಮೂರು ದಾಖಲೆ, ಮೂರು ಹೆಸರು. ಕ್ರೆಡಿಟ್‌ಗಳ ಖಾತೆಯಾದ ಎಬಿಸಿ, ಈಗಿನ ಅಪಾರ್ ಐಡಿ ಆಧಾರ್ ಹೆಸರಿನ ಮೇಲೆ ನಿಂತಿರುವುದರಿಂದ ಅಲ್ಲಿಯೂ ತಾಳೆಯಾಗುವುದಿಲ್ಲ. ಇದನ್ನು ಕಂಡುಹಿಡಿಯಲು ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಬೇಕು, ಚುಕ್ಕಿ ಮತ್ತು ಖಾಲಿ ಜಾಗ ಸಹಿತ. ಬದಲಿಸುವುದಾದರೆ ವಿಶ್ವವಿದ್ಯಾಲಯದ ನಮೂದನ್ನು ಹತ್ತನೇ ತರಗತಿಯ ಅಂಕಪಟ್ಟಿಗೆ ಹೊಂದುವಂತೆ ಬದಲಿಸಿ ಎಂದು ಕೇಳಿ. ಅಂಕಪಟ್ಟಿಯನ್ನು ತಿದ್ದಿಸಲು ಹೊರಟರೆ ವರ್ಷ ಹಿಡಿಯುತ್ತದೆ.

ಅಂಕಪಟ್ಟಿಯ ಮಟ್ಟಿಗೆ ಡಿಜಿಲಾಕರ್‌ನಿಂದ ಇಳಿಸಿದ ಪ್ರತಿ ಸಾಕು. 2016ರ ನಿಯಮಗಳ ಪ್ರಕಾರ ಅದು ಮೂಲಕ್ಕೆ ಸಮಾನ. ಅದನ್ನು ಒಪ್ಪಬೇಕೆಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಹೇಳಿಯೂ ಇದೆ. ಇನ್ನೊಂದು ಎಚ್ಚರ: 'ಮೂಲ ತನ್ನಿ' ಎಂದರೆ ತೋರಿಸಲು ತನ್ನಿ ಎಂದಷ್ಟೇ. 2018ರ ಅಕ್ಟೋಬರ್‌ನಲ್ಲಿ ಯುಜಿಸಿ ಹೊರಡಿಸಿದ ಅಧಿಸೂಚನೆಯಂತೆ ಸಂಸ್ಥೆಗಳು ಮೂಲ ಪ್ರಮಾಣಪತ್ರಗಳನ್ನು ನೋಡಿ, ಸ್ವಯಂ ದೃಢೀಕೃತ ಪ್ರತಿ ಇಟ್ಟುಕೊಂಡು, ಮೂಲವನ್ನು ಅಲ್ಲಿಯೇ ವಾಪಸು ಕೊಡಬೇಕು. ಫೀ ಬಾಕಿಗೆ ಒತ್ತೆಯಾಗಿ ಅಂಕಪಟ್ಟಿ ಇಟ್ಟುಕೊಳ್ಳುವ ಹಳೆಯ ಚಾಳಿಗೆ ಇದರಲ್ಲಿ ಜಾಗವಿಲ್ಲ.

ಮೈಗ್ರೇಷನ್ ಬೆಂಗಳೂರಿನಿಂದ ಬರುವಷ್ಟರಲ್ಲಿ 25ನೇ ತಾರೀಖು ದಾಟಿಹೋಗುತ್ತದೆ. ಇಲ್ಲಿ ಕೇಳಬೇಕಾದದ್ದು ವಿನಾಯಿತಿ ಅಲ್ಲ, ತಾತ್ಕಾಲಿಕ ನೋಂದಣಿ. ಮಂಡಳಿಗೆ ಅರ್ಜಿ ಹಾಕಿದ ಸ್ವೀಕೃತಿ, ಶುಲ್ಕ ಕಟ್ಟಿದ ರಸೀದಿ, ಇಂಥ ದಿನದೊಳಗೆ ಕೊಡುತ್ತೇನೆಂಬ ಹೊಸ ಮುಚ್ಚಳಿಕೆ, ಈ ಮೂರನ್ನು ಅಡ್ಮಿಷನ್ ವಿಭಾಗಕ್ಕೆ ಕೊಟ್ಟು ಗುರುತನ್ನು ಆ ದಿನದವರೆಗೆ ತೆಗೆಸಬೇಕು. 'ಕ್ಲಾಸಿಗೆ ಹೋಗುತ್ತಿರು, ಆಮೇಲೆ ನೋಡೋಣ' ಎಂಬ ಬಾಯಿಮಾತನ್ನು ನಂಬಿದರೆ ಅಪಾಯವಿದೆ. ಹೋಲ್ಡ್ ಇರುವಷ್ಟು ದಿನ ಹಾಜರಿ ಪಟ್ಟಿಯಲ್ಲಿ ಆಕೆಯ ಹೆಸರು ಇಲ್ಲದಿರಬಹುದು. ಮೇಷ್ಟ್ರು ಮುಖ ನೋಡಿರುತ್ತಾರೆ, ಯಂತ್ರ ನೋಡಿರುವುದಿಲ್ಲ. ಸೆಮಿಸ್ಟರ್ ಕೊನೆಗೆ ಶೇ. 75ರ ಲೆಕ್ಕ ಹಾಕುವುದು ಯಂತ್ರ. ನೋಂದಣಿ ತೆರೆದ ದಿನವೇ ಹಿಂದಿನ ದಿನಗಳ ಹಾಜರಿಯನ್ನು ಸೇರಿಸಿಕೊಳ್ಳುವಂತೆ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಕೊಟ್ಟಿರಬೇಕು.

ರಾಯದುರ್ಗ, ಮಡಕಶಿರಾದ ಮಕ್ಕಳ ಫೀ ಸಾಲು ಇದಕ್ಕಿಂತ ಬೇರೆ. ಅವರು ಆಂಧ್ರದವರೇ, ಕನ್ವೀನರ್ ಕೋಟಾದಲ್ಲಿ ಸೇರಿ ಅರ್ಹತೆಯಿದ್ದರೆ ಬೋಧನಾ ಶುಲ್ಕವನ್ನು ಸರ್ಕಾರ ಭರಿಸುತ್ತದೆ. ವೈ.ಎಸ್. ರಾಜಶೇಖರ ರೆಡ್ಡಿ ಕಾಲದಿಂದ ಬಂದ ಶುಲ್ಕ ಮರುಪಾವತಿ ಅದು. ಆ ಹಣ ಯಾರ ಕೈಗೆ ಬರುತ್ತದೆ ಎಂಬುದು ಮಾತ್ರ ಕಾಲಕ್ಕೊಂದು ರೀತಿ ಬದಲಾಗಿದೆ. ಜಗನಣ್ಣ ವಿದ್ಯಾ ದೀವೆನ ಎಂಬ ಹೆಸರಿದ್ದಾಗ ಕಂತು ತಾಯಿಯ ಖಾತೆಗೆ, ಆಮೇಲೆ ತಾಯಿ ಮತ್ತು ವಿದ್ಯಾರ್ಥಿಯ ಜಂಟಿ ಖಾತೆಗೆ ಬಂತು. ಅಲ್ಲಿಂದ ಮನೆಯವರೇ ಕಾಲೇಜಿಗೆ ಕಟ್ಟಬೇಕಿತ್ತು. 2024ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ನೇರ ಕಾಲೇಜಿನ ಖಾತೆಗೆ ಎಂದಾಯಿತು.

ಲೆಡ್ಜರ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ. ಸರ್ಕಾರದ ಕಂತು ತಡವಾದರೂ ಅದು ವಿದ್ಯಾರ್ಥಿಯ ಬಾಕಿ ಎಂದೇ ತೋರಿಸುತ್ತದೆ, ಹೋಲ್ಡ್ ಬೀಳುವುದೂ ಆತನ ಹೆಸರಿಗೇ. ಹಾಗಾಗಿ ಇಂಥ ಮನೆಯವರು ಮೊದಲು ಕೇಳಬೇಕಾದದ್ದು ವರ್ಷವಾರು ಬಾಕಿಯ ಪಟ್ಟಿ. ತಾಯಿಯ ಖಾತೆಗೆ ಬರುತ್ತಿದ್ದ ವರ್ಷಗಳ ಬಾಕಿ ಇದ್ದರೆ ಪಾಸ್‌ಬುಕ್ ತೆಗೆದು ನೋಡಿ: ಕಂತು ಬಂದು ಮನೆಖರ್ಚಿಗೆ ಹೋಗಿದ್ದರೆ ಅದು ನಿಮ್ಮದೇ ಸಾಲ, ಕಟ್ಟಲೇಬೇಕು. ಕಂತು ಬಂದೇ ಇಲ್ಲವೆಂದರೆ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬೇರೆ ಯಾವುದಾದರೂ ಖಾತೆಗೆ ಹೋಗಿದೆಯೇ ಎಂದು ನೋಡಿ. ಜನಧನ ಖಾತೆ ತೆರೆದು ಮರೆತ ಮನೆಗಳಲ್ಲಿ ಇದು ಆಗಾಗ ಸಿಗುತ್ತದೆ. ನೇರ ಕಾಲೇಜಿಗೆ ಹೋಗುವ ವರ್ಷಗಳ ಬಾಕಿಯಾದರೆ ಅದು ಸರ್ಕಾರಕ್ಕೂ ಕಾಲೇಜಿಗೂ ಇರುವ ಲೆಕ್ಕ. ಮಗುವಿನ ಅರ್ಜಿ ಆ ವರ್ಷಕ್ಕೆ ಮಂಜೂರಾಗಿದೆ ಎಂಬುದರ ಪ್ರತಿ ತೋರಿಸಿ ಹೋಲ್ಡ್ ತೆಗೆಯಲು ಬರಹದಲ್ಲಿ ಕೇಳಬೇಕು. ಈ ಯೋಜನೆಗೂ ಹಾಜರಿಯ ಷರತ್ತಿದೆ. ಹೋಲ್ಡ್‌ನಿಂದ ಹಾಜರಿ ತಪ್ಪಿ, ಹಾಜರಿ ತಪ್ಪಿದ್ದರಿಂದ ಮುಂದಿನ ಮಂಜೂರಾತಿ ತಪ್ಪಿ, ಅದರಿಂದ ಮತ್ತೆ ಹೋಲ್ಡ್ ಬಿದ್ದೀತು. ಈ ಮಕ್ಕಳಿಗೆ ಹಾಜರಿಯ ಪತ್ರ ಇನ್ನೂ ಜರೂರು.

ಬರೆದು ಕೇಳಿದರೂ ಉತ್ತರ ಬರದಿದ್ದರೆ, 2023ರ ಯುಜಿಸಿ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ಇರಬೇಕಾದ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಡಬಹುದು. ಅದು ಸಾಮಾನ್ಯವಾಗಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರಿಂದ ಸಮಾಧಾನವಾಗದಿದ್ದರೆ ಮುಂದಿನ 15 ದಿನಗಳಲ್ಲಿ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಅಲ್ಲಿಗೆ ಹೋಗುವಾಗ ಜೊತೆಗಿರಬೇಕಾದದ್ದು ಹೋಲ್ಡ್ ಮೇಲ್, ಯುಟಿಆರ್ ಬರೆದು ಕಳಿಸಿದ ಮೇಲ್, ಮುಚ್ಚಳಿಕೆಯ ಪ್ರತಿ, ಮತ್ತು ಆ ದಿನದ ಲೆಡ್ಜರ್ ಪುಟದ ಚಿತ್ರ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ವಾರ ಕಳೆದ ಮೇಲೆ ಆ ಪುಟ ಬದಲಾಗಿರುತ್ತದೆ. 18ನೇ ತಾರೀಖಿನ ರಾತ್ರಿ ಒಂದು ಲಕ್ಷ ಜಮಾ ಆಗಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಉಳಿದಿರುವುದಿಲ್ಲ.